ಮೊದಲ ಒಗೆತಕ್ಕೇ ಕುರ್ತಾ ಗಿಡ್ಡವಾಯಿತು, ಪಕ್ಕದ ಹೊಲಿಗೆ ಮುಂದಕ್ಕೆ ತಿರುಗಿತು: ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ಮೀಟರ್ ಲೆಕ್ಕದಲ್ಲಿ ಬಟ್ಟೆ ತಂದು ಹೊಲಿಸಿಕೊಳ್ಳುವವರಿಗೆಲ್ಲ ಈ ದೂರು ಗೊತ್ತು. ಹೊಲಿಸಿದ ದಿನ ಮೈಗೆ ಸರಿಯಾಗಿದ್ದ ಉಡುಪು ಒಂದು ಸಲ ಒಗೆದ ಮೇಲೆ ಮೊಣಕಾಲಿನಿಂದ ಮೇಲಕ್ಕೆ ಏರಿರುತ್ತದೆ. ಕೆಲವೊಮ್ಮೆ ಅದರ ಜೊತೆಗೆ ಪಕ್ಕದ ಹೊಲಿಗೆಯೂ ಜಾಗ ಬಿಟ್ಟಿರುತ್ತದೆ. ಮನೆಯಲ್ಲಿ ಸಾಮಾನ್ಯವಾಗಿ ಎರಡೇ ತೀರ್ಪು: ಒಂದೋ ಟೈಲರ್ ಕೆಡಿಸಿದ, ಇಲ್ಲವೇ ಬಟ್ಟೆಯೇ ಕಳಪೆ. ನನ್ನ ಹತ್ತಿ ಕುರ್ತಾ ಹೀಗಾದಾಗ ನಾನೂ ಮೊದಲು ಬೈದದ್ದು ಟೈಲರನ್ನೇ. ಆಮೇಲೆ ಟೇಪು ಹಿಡಿದು ಕೂತಾಗ ಗೊತ್ತಾದದ್ದು, ಅವರದ್ದು ಅದರಲ್ಲಿ ಪಾಲಿತ್ತು, ಆದರೆ ನಾನು ಎಣಿಸಿದಲ್ಲಿ ಅಲ್ಲ. ದೊಡ್ಡ ಪಾಲು ಬಟ್ಟೆ ಕೊಳ್ಳುವಾಗಿನ ನನ್ನ ಲೆಕ್ಕದ್ದಾಗಿತ್ತು.

ಆ ಒಂದು ಕುರ್ತಾವನ್ನೇ ಮುಂದಿಟ್ಟುಕೊಂಡು, ಯಾವ ದೋಷಕ್ಕೆ ಯಾವ ಗುರುತು ಎಂದು ಬರೆಯುತ್ತಿದ್ದೇನೆ.

ಆದದ್ದು ಇಷ್ಟು

ಬಟ್ಟೆ ಪ್ರಿಂಟ್ ಇರುವ ಸಾದಾ ನೇಯ್ಗೆಯ ಹತ್ತಿ, ಅಗಲ 110 ಸೆಂ.ಮೀ. ತಂದದ್ದು 2.25 ಮೀಟರ್. ಹೇಳಿದ ಉದ್ದ 105 ಸೆಂ.ಮೀ. ಬಟ್ಟೆಯನ್ನು ನೆನೆಸದೆ ಹಾಗೇ ಹೊಲಿಯಲು ಕೊಟ್ಟೆ. ಒಗೆದ ಮೇಲೆ ಉದ್ದ 97.5 ಸೆಂ.ಮೀ.ಗೆ ಬಂದಿತ್ತು. ಬಲಗಡೆಯ ಹೊಲಿಗೆ ಕಂಕುಳಲ್ಲಿ ಸರಿಯಾಗಿಯೇ ಶುರುವಾಗಿ, ಕೆಳಗೆ ಬರುತ್ತ ಸುಮಾರು 2 ಸೆಂ.ಮೀ. ಮುಂದಕ್ಕೆ ಸರಿದಿತ್ತು.

ಏಳೂವರೆ ಸೆಂಟಿಮೀಟರ್ ಎಂದರೆ ಕಡಿಮೆ ಅಲ್ಲ. ಅಷ್ಟನ್ನೂ ಕುಗ್ಗುವಿಕೆಯ ತಲೆಗೆ ಕಟ್ಟಿದರೆ ಬಟ್ಟೆ ಶೇಕಡಾ 7ಕ್ಕೂ ಹೆಚ್ಚು ಕುಗ್ಗಿದೆ ಎಂದಾಗುತ್ತದೆ. ಒತ್ತಾಗಿ ನೇಯ್ದ ಸಾದಾ ಹತ್ತಿಗೆ ಅದು ಸ್ವಲ್ಪ ಜಾಸ್ತಿ ಅನ್ನಿಸಿತು. ಅಲ್ಲಿಂದಲೇ ಅನುಮಾನ ಶುರು.

ಮೊದಲು ಅಳತೆ ಸರಿ ಇರಲಿ

ಒಗೆದ ಹತ್ತಿಯನ್ನು ಹಗ್ಗದಿಂದ ತೆಗೆದ ಹಾಗೇ ಅಳೆಯಬೇಡಿ. ಮುದುರಿದ ಬಟ್ಟೆ ಇರುವುದಕ್ಕಿಂತ ಗಿಡ್ಡವಾಗಿ ತೋರುತ್ತದೆ, ಒದ್ದೆ ಬಟ್ಟೆ ತನ್ನದೇ ಭಾರಕ್ಕೆ ಜಗ್ಗಿ ಉದ್ದವಾಗಿ ತೋರುತ್ತದೆ. ಪೂರ್ತಿ ಒಣಗಬೇಕು, ಇಸ್ತ್ರಿ ಆಗಬೇಕು, ಮೇಜಿನ ಮೇಲೆ ಜಗ್ಗದೆ ಹರಡಬೇಕು. ಆಮೇಲೆ ಭುಜದ ಮೇಲ್ತುದಿಯಿಂದ ಕೆಳ ಮಡಿಕೆಯವರೆಗೆ ಅಳೆಯಿರಿ. ಟೈಲರ್ ಎಲ್ಲಿಂದ ಅಳೆದಿದ್ದರೋ ಅಲ್ಲಿಂದಲೇ ಅಳೆಯುವುದು ಮುಖ್ಯ. ಕತ್ತಿನ ಬುಡದಿಂದ ಅಳೆಯುವುದಕ್ಕೂ ಭುಜದ ತುದಿಯಿಂದ ಅಳೆಯುವುದಕ್ಕೂ ಮೂರು ನಾಲ್ಕು ಸೆಂ.ಮೀ. ವ್ಯತ್ಯಾಸ ಬರಬಹುದು, ಅಷ್ಟಕ್ಕೇ ಜಗಳ ಎದ್ದದ್ದಿದೆ.

ಕುಗ್ಗಿದ್ದು ಎಷ್ಟು? ಹೂವನ್ನು ಕೇಳಿ

ಹೊಲಿಗೆಗೆ ಕೊಡುವ ಮೊದಲು ಯಾರೂ ಬಟ್ಟೆಯ ಮೇಲೆ ಗುರುತು ಹಾಕಿಟ್ಟುಕೊಂಡಿರುವುದಿಲ್ಲ. ಆದರೆ ಪ್ರಿಂಟ್ ಬಟ್ಟೆಯಲ್ಲಿ ಗುರುತನ್ನು ಕಾರ್ಖಾನೆಯೇ ಹಾಕಿರುತ್ತದೆ. ಒಂದೇ ಹೂವು ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬರುತ್ತದೆಯಲ್ಲ, ಅದೇ ಅಳತೆಪಟ್ಟಿ. ಬೇಕಾದದ್ದು ಒಂದೇ: ಒಗೆಯದ ತುಂಡು. ಟೈಲರ್ ಕೊಡುವ ಉಳಿಕೆ ಬಟ್ಟೆಯ ಚೀಲವನ್ನು ಎಸೆಯದೆ ಇಟ್ಟುಕೊಳ್ಳಬೇಕು ಎನ್ನುವುದು ಇದಕ್ಕೇ.

ನನ್ನ ಚೀಲದಲ್ಲಿ ತೋಳಿನ ಕೆಳಗೆ ಉಳಿದ ದೊಡ್ಡ ತುಂಡೊಂದಿತ್ತು. ಅದರಲ್ಲಿ ಉದ್ದಕ್ಕೆ ಒಂದು ಹೂವಿನ ನಡುವಿನಿಂದ ಆರನೆಯ ಹೂವಿನ ನಡುವಿಗೆ, ಅಂದರೆ ಐದು ಅಂತರಕ್ಕೆ, ಸರಿಯಾಗಿ 30 ಸೆಂ.ಮೀ. ಬಂತು. ಒಗೆದ ಕುರ್ತಾದ ಮೇಲೆ ಅದೇ ಐದು ಅಂತರ 28.5. ಒಂದೂವರೆ ಕಡಿಮೆ, ಮೂವತ್ತಕ್ಕೆ ಒಂದೂವರೆ ಎಂದರೆ ಶೇಕಡಾ 5. ಅಡ್ಡಕ್ಕೆ ಅಳೆದಾಗ 25 ಇದ್ದದ್ದು 24.5 ಆಗಿತ್ತು, ಅಂದರೆ ಶೇಕಡಾ 2. ಒಂದೇ ಹೂವನ್ನು ಅಳೆದರೆ ಅರ್ಧ ಮಿಲಿಮೀಟರ್ ತಪ್ಪು ಕೂಡ ದೊಡ್ಡದಾಗುತ್ತದೆ. ಐದಾರು ಅಂತರ ಸೇರಿಸಿ ಅಳೆದರೆ ನಂಬಬಹುದು.

ಸಾದಾ ಬಣ್ಣದ ಬಟ್ಟೆಯಾದರೆ ಈ ದಾರಿ ಇಲ್ಲ. ಆಗ ಉಳಿಕೆ ತುಂಡಿನ ಮೇಲೆ ಬೇರೆ ಬಣ್ಣದ ದಾರದಲ್ಲಿ 20 ಸೆಂ.ಮೀ. ದೂರಕ್ಕೆ ಎರಡು ಗಂಟು ಹಾಕಿ, ಕುರ್ತಾ ಒಗೆದ ಹಾಗೇ ಒಗೆದು, ಇಸ್ತ್ರಿ ಮಾಡಿ ಮತ್ತೆ ಅಳೆಯಬೇಕು. ತುಂಡಿನಲ್ಲಿ ಉದ್ದ ಯಾವುದು, ಅಗಲ ಯಾವುದು ಎಂದು ತಿಳಿಯದಿದ್ದರೆ ಎರಡೂ ಕಡೆ ಗಂಟು ಹಾಕಿ. ಹೆಚ್ಚು ಕುಗ್ಗುವ ದಿಕ್ಕೇ ಬಹುಪಾಲು ಉದ್ದ.

ಇನ್ನೊಂದು ಪೂರಕ ಗುರುತೂ ಇದೆ. ಹೊಲಿಗೆಯ ದಾರ ಬಹುಪಾಲು ಪಾಲಿಯೆಸ್ಟರ್, ಅದು ನೀರಿಗೆ ಕುಗ್ಗುವುದಿಲ್ಲ. ಹತ್ತಿ ಕುಗ್ಗಿ ದಾರ ಕುಗ್ಗದಿದ್ದರೆ ಮೇಲಿನಿಂದ ಕೆಳಕ್ಕೆ ಹೋಗುವ ಹೊಲಿಗೆಗಳ ಗುಂಟ ಸಣ್ಣ ಸಣ್ಣ ನಿರಿಗೆ ಏಳುತ್ತದೆ, ಅಡ್ಡ ಹೊಲಿಗೆಗಳು ಹೆಚ್ಚು ಕಮ್ಮಿ ನೇರವಾಗೇ ಇರುತ್ತವೆ. ಹೊಸದಾಗಿದ್ದಾಗಲೂ ನಿರಿಗೆ ಇತ್ತು, ಎಲ್ಲ ದಿಕ್ಕಿನ ಹೊಲಿಗೆಯಲ್ಲೂ ಇತ್ತು ಎಂದಾದರೆ ಅದು ಮಷಿನ್ನಿನ ದಾರದ ಬಿಗಿತ, ಕುಗ್ಗುವಿಕೆ ಅಲ್ಲ.

ಲೆಕ್ಕಕ್ಕೆ ಸಿಗದ ಎರಡೂವರೆ ಸೆಂಟಿಮೀಟರ್

ಶೇಕಡಾ 5 ಕುಗ್ಗಿದ ಮೇಲೆ 97.5 ಉಳಿದಿದೆ ಎಂದರೆ ಕುಗ್ಗುವ ಮೊದಲು ಎಷ್ಟಿತ್ತು? 97.5ನ್ನು 0.95ರಿಂದ ಭಾಗಿಸಿದರೆ 102.6. ಅಂದರೆ ಕುರ್ತಾ ನನ್ನ ಕೈಗೆ ಬಂದ ದಿನವೇ 105 ಇರಲಿಲ್ಲ. ಹಾಕಿ ನೋಡಿದ್ದೆ, ಅಳೆದು ನೋಡಿರಲಿಲ್ಲ.

ಕೇಳಿದೆ. ಟೈಲರ್ ತಣ್ಣಗೆ ಹೇಳಿದರು: "ನೀವು ತಂದ ಬಟ್ಟೆಯಲ್ಲಿ ಬಂದದ್ದೇ ಅಷ್ಟು ಮೇಡಂ. ಎರಡೂ ತುದಿ ಓರೆ ಇತ್ತು, ನೇರ ಮಾಡೋಕೇ ಎಷ್ಟೋ ಹೋಯ್ತು."

ಚೀಲದಲ್ಲಿ ಸಾಕ್ಷಿ ಇತ್ತು. ಬೆಣೆಯಾಕಾರದ ಎರಡು ಉದ್ದ ಪಟ್ಟಿಗಳು: ಒಂದು ತುದಿಯಲ್ಲಿ 5 ಸೆಂ.ಮೀ. ದಪ್ಪ, ಇನ್ನೊಂದು ತುದಿಯಲ್ಲಿ ಚೂಪಾಗಿ ಮುಗಿದಿದ್ದವು. ಎರಡರ ದಪ್ಪ ತುದಿಯೂ ಬಟ್ಟೆಯ ಒಂದೇ ಅಂಚಿನ ಕಡೆಯದು. ಅಂಗಡಿಯಲ್ಲಿ ನನಗೆ ಅಳೆದುಕೊಟ್ಟದ್ದು ಆ ಅಂಚಿನ ಗುಂಟ, ಅಲ್ಲಿ ನಿಜಕ್ಕೂ 225 ಸೆಂ.ಮೀ. ಇತ್ತು. ಎದುರಿನ ಅಂಚಿನಲ್ಲಿ ಇದ್ದದ್ದು 215. ನನಗಿಂತ ಮೊದಲು ಕೊಂಡವರಿಗೆ ಕತ್ತರಿ ಒಂದು ಕಡೆಗೆ ವಾಲಿತ್ತು, ನನಗೆ ಇನ್ನೊಂದು ಕಡೆಗೆ.

ಕುರ್ತಾದ ಮುಂಭಾಗ ಮತ್ತು ಹಿಂಭಾಗ ಈ ಅಗಲದಲ್ಲಿ ಅಕ್ಕಪಕ್ಕ ಬರುವುದಿಲ್ಲ, ಕೆಳಗಡೆ ಒಂದೊಂದಕ್ಕೂ 60 ಸೆಂ.ಮೀ. ಬೇಕು. ಹಾಗಾಗಿ ಒಂದರ ಕೆಳಗೊಂದು ಕತ್ತರಿಸಬೇಕು. ಮುಗಿದ ಉದ್ದ 105, ಭುಜದ ಹೊಲಿಗೆಗೆ ಒಂದೂವರೆ, ಕೆಳಗಿನ ಮಡಿಕೆಗೆ ಮೂರೂವರೆ, ಒಟ್ಟು 110. ಎರಡು ಭಾಗಕ್ಕೆ 220. ತೋಳುಗಳು ಪಕ್ಕದಲ್ಲಿ ಉಳಿಯುವ 50 ಸೆಂ.ಮೀ.ನಲ್ಲಿ ಕೂರುತ್ತವೆ. ನಾನು "220 ಸಾಕು, 5 ಸೆಂ.ಮೀ. ಹೆಚ್ಚಿಗೆ ಇರಲಿ" ಎಂದು 2.25 ತಂದವಳು. ನೇರ ಬಟ್ಟೆ ಸಿಕ್ಕಿದ್ದು 215. ಅದರಲ್ಲಿ ಭಾಗಕ್ಕೆ 107.5, ಹೊಲಿಗೆಯ 5 ಕಳೆದರೆ ಮುಗಿದ ಉದ್ದ 102.5. ಲೆಕ್ಕ ತಾಳೆಯಾಯಿತು. ಟೈಲರ್ ನನಗೆ ಫೋನ್ ಮಾಡಿ ಕೇಳಬಹುದಿತ್ತು, ಅದು ಅವರ ಪಾಲು. ಉಳಿದದ್ದು ನನ್ನ ತಲೆಗೇ.

ಹೊಲಿಗೆ ತಿರುಗಿದ್ದು ಏಕೆ: ಮೂರು ಬಗೆ, ಮೂರು ಗುರುತು

ಪಕ್ಕದ ಹೊಲಿಗೆ ಜಾಗ ಬಿಟ್ಟಿದೆ ಎಂದಾಗ ಮೊದಲು ನೋಡಬೇಕಾದದ್ದು ಇನ್ನೊಂದು ಪಕ್ಕವನ್ನು.

ಎರಡೂ ಹೊಲಿಗೆ ಮುಂದಕ್ಕೆ ಬಂದಿದ್ದರೆ ಬಟ್ಟೆಯನ್ನು ದೂರಬೇಡಿ. ಮುಂಭಾಗಕ್ಕೆ ಎದೆಯ ಹತ್ತಿರವೋ ಹೊಟ್ಟೆಯ ಹತ್ತಿರವೋ ಅಗಲ ಸಾಲದೆ ಹಿಂಭಾಗವನ್ನು ಎಳೆದುಕೊಳ್ಳುತ್ತಿದೆ. ಅದು ಅಳತೆಯ ತಪ್ಪು, ಒಗೆಯುವ ಮೊದಲೂ ಇದ್ದಿರುತ್ತದೆ.

ಒಂದು ಹೊಲಿಗೆ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಹೋಗಿದ್ದರೆ ಉಡುಪು ತಿರುಚಿಕೊಂಡಿದೆ. ನನ್ನದು ಇದೇ. ಬಲಗಡೆಯದು ಮುಂದಕ್ಕೆ, ಎಡಗಡೆಯದು ಅಷ್ಟೇ ಹಿಂದಕ್ಕೆ.

ತಿರುಚಿದೆ ಎಂದಾದ ಮೇಲೆ ಇನ್ನೊಂದು ಪ್ರಶ್ನೆ: ಕತ್ತರಿಸಿದವರು ಓರೆ ಇಟ್ಟು ಕತ್ತರಿಸಿದರೋ, ಬಟ್ಟೆಯೇ ಓರೆ ಇತ್ತೋ? ಬಟ್ಟೆಯಲ್ಲಿ ಉದ್ದಕ್ಕೆ ಓಡುವ ಎಳೆ ಹಾಸು, ಅಡ್ಡಕ್ಕೆ ಓಡುವುದು ಹೊಕ್ಕು. ಹಾಸು ಯಾವಾಗಲೂ ಗಟ್ಟಿ ಅಂಚಿಗೆ ಸಮಾನಾಂತರ. ಕುರ್ತಾದ ಮುಂಭಾಗವನ್ನು ಎರಡು ಪಕ್ಕದ ಹೊಲಿಗೆ ಒಂದರ ಮೇಲೊಂದು ಬರುವಂತೆ ಉದ್ದಕ್ಕೆ ಮಡಚಿ, ಬೆಳಕಿಗೆ ಹಿಡಿದು, ಮಡಿಕೆಯ ಗೆರೆಯ ಮೇಲಿನ ಒಂದು ಹಾಸಿನ ಎಳೆಯನ್ನು ಕತ್ತಿನಿಂದ ಕೆಳಕ್ಕೆ ಹಿಂಬಾಲಿಸಿ. ಎಳೆ ಮಡಿಕೆಯನ್ನು ಬಿಟ್ಟು ಪಕ್ಕಕ್ಕೆ ಜಾರಿದರೆ ಕತ್ತರಿಸುವಾಗ ಓರೆಯಾಗಿದೆ. ಎಳೆ ಮಡಿಕೆಯ ಮೇಲೇ ಕೆಳಗಿನವರೆಗೆ ಬಂದು, ಕೆಳಗಿನ ಎರಡು ಮೂಲೆ ಮಾತ್ರ ಒಂದಕ್ಕೊಂದು ಕೂಡದೆ ಮೇಲೆ ಕೆಳಗೆ ಆಗಿದ್ದರೆ ಕತ್ತರಿ ಸರಿ ಇತ್ತು, ಹೊಕ್ಕು ಓರೆ ಇತ್ತು.

ನನ್ನ ಕುರ್ತಾದಲ್ಲಿ ಮೂಲೆಗಳು ಒಂದೂವರೆ ಸೆಂ.ಮೀ.ನಷ್ಟು ಹೆಚ್ಚು ಕಮ್ಮಿ ಇದ್ದವು, ಎಳೆ ಮಾತ್ರ ಮಡಿಕೆಯಲ್ಲೇ ಇತ್ತು. ಖಚಿತ ಮಾಡಿಕೊಳ್ಳಲು ಮತ್ತೆ ಬೆಣೆ ಪಟ್ಟಿಗೆ ಹೋದೆ. ಅದರ ಒಂದು ಬದಿ ಟೈಲರ್ ಗಟ್ಟಿ ಅಂಚಿಗೆ ಲಂಬವಾಗಿ ಮೂಲೆಮಟ್ಟ ಇಟ್ಟು ಕತ್ತರಿಸಿದ್ದು. ಆ ಬದಿಯಿಂದ ಹೊಕ್ಕಿನ ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದೆ. ನೇರ ಬಟ್ಟೆಯಾಗಿದ್ದರೆ ಅಂಚಿನಿಂದ ಅಂಚಿಗೆ ಪೂರ್ತಿ ಎಳೆ ಕೈಗೆ ಬರಬೇಕಿತ್ತು. ಬಂದದ್ದು ತುಂಡು ತುಂಡು, ಒಂದಕ್ಕಿಂತ ಒಂದು ಉದ್ದ. ಅಂಚಿನಿಂದ ಅಂಚಿಗೆ ಮೊದಲ ಪೂರ್ತಿ ಎಳೆ ಸಿಗುವ ಹೊತ್ತಿಗೆ ಒಂದು ಕಡೆ 3 ಸೆಂ.ಮೀ. ಬಿಚ್ಚಿ ಹೋಗಿತ್ತು. ಅಂದರೆ 110 ಸೆಂ.ಮೀ. ಅಗಲಕ್ಕೆ ಹೊಕ್ಕು 3 ಸೆಂ.ಮೀ. ಇಳಿದಿತ್ತು.

ಬಣ್ಣ ಹಾಕಿ, ಪ್ರಿಂಟ್ ಮಾಡಿ, ಗಂಜಿ ಕೊಟ್ಟು ಒಣಗಿಸುವಾಗ ಯಂತ್ರ ಬಟ್ಟೆಯನ್ನು ಎರಡು ಅಂಚಿನಲ್ಲಿ ಹಿಡಿದು ಎಳೆಯುತ್ತದೆ. ಒಂದು ಅಂಚು ಸ್ವಲ್ಪ ಮುಂದೆ ಓಡಿದರೂ ಹೊಕ್ಕು ಓರೆಯಾಗಿ ನಿಲ್ಲುತ್ತದೆ, ಗಂಜಿ ಅದನ್ನು ಹಾಗೇ ಹಿಡಿದಿಡುತ್ತದೆ. ನೀರಿಗೆ ಬಿದ್ದ ದಿನ ಗಂಜಿ ಹೋಗುತ್ತದೆ, ಹೊಕ್ಕು ಮತ್ತೆ ಹಾಸಿಗೆ ಲಂಬವಾಗಲು ಹೊರಡುತ್ತದೆ. ಅಷ್ಟರಲ್ಲಿ ಬಟ್ಟೆ ಕೊಳವೆಯಂತೆ ಹೊಲಿದಾಗಿರುತ್ತದೆ, ಹಾಗಾಗಿ ಕೊಳವೆಯೇ ತಿರುಗುತ್ತದೆ. 110ಕ್ಕೆ 3 ಎಂದರೆ ಕಂಕುಳಿನಿಂದ ಕೆಳಗಿನ 65 ಸೆಂ.ಮೀ.ಗೆ ಸುಮಾರು 1.8. ನಾನು ಟೇಪಿನಲ್ಲಿ ಕಂಡ 2 ಸೆಂ.ಮೀ. ಇದೇ.

ಟೈಲರ್ ಮೂಲೆಮಟ್ಟ ಇಟ್ಟು ಬಟ್ಟೆಯ ತುದಿಯನ್ನು ನೇರ ಮಾಡಿದ್ದರು, ಎಳೆಯನ್ನಲ್ಲ. ಅವರಿಗೂ ಅವಸರ, ನೆನೆಸದ ಬಟ್ಟೆಯನ್ನು ಜಗ್ಗಿ ಸರಿಮಾಡಲೂ ಆಗುವುದಿಲ್ಲ.

ಮೂರನೆಯ ಬಗೆ ಬಿಲ್ಲು ಬಾಗುವುದು. ಎರಡೂ ಅಂಚಿನಲ್ಲಿ ಹೊಕ್ಕು ಒಂದೇ ಮಟ್ಟದಲ್ಲಿದ್ದು ನಡುವೆ ಜೋತು ಬಿದ್ದಿರುತ್ತದೆ. ಇದರಿಂದ ಉಡುಪು ತಿರುಚುವುದಿಲ್ಲ, ಆದರೆ ಚೌಕಳಿ ಬಟ್ಟೆಯಲ್ಲಿ ಎದೆಯ ಮೇಲಿನ ಅಡ್ಡಗೆರೆ ನಗುವ ಬಾಯಿಯಂತೆ ಬಾಗಿ ಕಾಣುತ್ತದೆ. ಸಾದಾ ಬಣ್ಣದಲ್ಲಿ ಯಾರ ಕಣ್ಣಿಗೂ ಬೀಳದು.

ಉದ್ದಕ್ಕೇ ಏಕೆ ಹೆಚ್ಚು ಕುಗ್ಗುತ್ತದೆ

ಮಗ್ಗದ ಮೇಲೆ ಬಿಗಿದು ಕಟ್ಟುವುದು ಹಾಸನ್ನು. ನೇಯುವಷ್ಟು ಹೊತ್ತೂ, ಆಮೇಲಿನ ಪ್ರತಿ ಯಂತ್ರದಲ್ಲೂ ಬಟ್ಟೆ ಉದ್ದಕ್ಕೇ ಎಳೆಸಿಕೊಂಡು ಓಡುತ್ತದೆ. ಹೊಕ್ಕಿಗೆ ಅಷ್ಟು ಎಳೆತವಿಲ್ಲ. ನೀರು ಸೋಕಿದಾಗ ಹತ್ತಿಯ ನೂಲು ಉಬ್ಬಿ ದಪ್ಪವಾಗುತ್ತದೆ. ದಪ್ಪಗಾದ ಹೊಕ್ಕನ್ನು ಹತ್ತಿ ಇಳಿದು ಸುತ್ತಬೇಕಾದ ಹಾಸಿಗೆ ಈಗ ಹೆಚ್ಚು ದಾರಿ ಬೇಕು, ಅದನ್ನು ಅದು ತನ್ನ ಉದ್ದದಿಂದಲೇ ಕೊಡುತ್ತದೆ. ಅಂಕುಡೊಂಕು ಹೆಚ್ಚಾದಷ್ಟೂ ಬಟ್ಟೆ ಗಿಡ್ಡ. ಒಣಗಿದರೂ ಎಳೆ ಪೂರ್ತಿ ಹಿಂದಿನ ಜಾಗಕ್ಕೆ ಮರಳುವುದಿಲ್ಲ.

ಹೆಚ್ಚಿನ ಪಾಲು ಮೊದಲ ಒಗೆತದಲ್ಲೇ ಮುಗಿಯುತ್ತದೆ, ಚೂರು ಪಾರು ಎರಡನೆಯ, ಮೂರನೆಯದಕ್ಕೂ ಉಳಿದಿರುತ್ತದೆ. ಸಡಿಲ ನೇಯ್ಗೆಗೆ, ವಿಸ್ಕೋಸ್‌ಗೆ ಇದು ಇನ್ನೂ ನಿಜ. ಒತ್ತಾದ ಸಾದಾ ಹತ್ತಿಗೆ ಶೇಕಡಾ 3ರಿಂದ 5 ಎಂದು ಹಿಡಿಯಿರಿ, ಸಡಿಲವಾಗಿ ನೇಯ್ದದ್ದಕ್ಕೆ 8ರವರೆಗೂ, ವಿಸ್ಕೋಸ್ ರೇಯಾನ್‌ಗೆ 5ರಿಂದ 10. ಪಾಲಿಯೆಸ್ಟರ್ ಒಂದರ ಆಸುಪಾಸು, ಅದರ ಚಿಂತೆ ಬಿಡಿ. ಅಂಚಿನಲ್ಲಿ 'ಸ್ಯಾನ್‌ಫೊರೈಸ್ಡ್' ಎಂದು ಅಚ್ಚಾಗಿದ್ದರೆ ಬಟ್ಟೆಯನ್ನು ಕಾರ್ಖಾನೆಯಲ್ಲೇ ಒತ್ತಿ ಕುಗ್ಗಿಸಲಾಗಿದೆ, ಉಳಿಯುವುದು ಶೇಕಡಾ 1ರಷ್ಟು. 1930ರ ಸುಮಾರಿಗೆ ಸ್ಯಾನ್‌ಫರ್ಡ್ ಕ್ಲುಯೆಟ್ ರೂಪಿಸಿದ ವಿಧಾನ ಅದು, ಹೆಸರೂ ಅವರದ್ದೇ.

ಮುಂದಿನ ಸಲ ಕೊಳ್ಳುವಾಗ

ಅಂಗಡಿಯಲ್ಲಿ ಮೊದಲ ಪ್ರಶ್ನೆ ಮೀಟರ್ ಅಲ್ಲ, ಅಗಲ. ಅದೇ ಕುರ್ತಾ 140 ಸೆಂ.ಮೀ. ಡಬಲ್ ಪನ್ನದ ಬಟ್ಟೆಯಲ್ಲಾದರೆ ಎರಡು ಭಾಗ ಅಕ್ಕಪಕ್ಕ ಕೂರುತ್ತವೆ, 110ರ ಜೊತೆ ತೋಳಿಗೆ ಒಂದು 48 ಸೇರಿದರೆ ಸಾಕು. 90 ಸೆಂ.ಮೀ. ಅಗಲವಾದರೆ ತೋಳಿಗೆ ಪಕ್ಕದಲ್ಲಿ ಜಾಗವೇ ಇಲ್ಲ, 220ರ ಮೇಲೆ ಇನ್ನೂ ಅರ್ಧ ಮೀಟರ್ ಬೇಕು. ಅಗಲವೂ ಕುಗ್ಗುತ್ತದೆ ಎಂಬುದು ನೆನಪಿರಲಿ: 110 ಇದ್ದದ್ದು ಶೇಕಡಾ 2ಕ್ಕೆ 108ರ ಹತ್ತಿರ ಬರುತ್ತದೆ. ಭಾಗಗಳು ಅಗಲದಲ್ಲಿ ಕೂದಲೆಳೆಯಷ್ಟು ಜಾಗದಲ್ಲಿ ಕೂರುವಂತಿದ್ದರೆ ನೆನೆಸಿದ ಮೇಲೆ ಕೂರುವುದಿಲ್ಲ.

ಆಮೇಲೆ ಉದ್ದ. ಕುಗ್ಗಿದ ನಂತರ 220 ಕೈಗೆ ಸಿಗಬೇಕು. ಶೇಕಡಾ 5 ಎಂದುಕೊಂಡರೆ 220ನ್ನು 0.95ರಿಂದ ಭಾಗಿಸಿ, 232 ಬರುತ್ತದೆ. 220ಕ್ಕೆ ಶೇಕಡಾ 5 ಕೂಡಿಸಿದರೆ 231. ಇಲ್ಲಿ ವ್ಯತ್ಯಾಸ ಅತ್ಯಲ್ಪ, ಆದರೆ ಶೇಕಡಾ 10 ಕುಗ್ಗುವ ಬಟ್ಟೆಯಲ್ಲಿ 244 ಬೇಕಾದ ಕಡೆ 242 ತಂದಂತಾಗುತ್ತದೆ. ಭಾಗಿಸುವುದೇ ಸರಿ. ಅದರ ಮೇಲೆ ಎರಡು ತುದಿ ನೇರ ಮಾಡಲು 10. ಒಟ್ಟು 242, ಅಂದರೆ ಎರಡೂವರೆ ಮೀಟರ್ ತನ್ನಿ. ವಿಸ್ಕೋಸ್ ಆದರೆ 8 ಹಿಡಿದು 239, ತುದಿಗೆ 10, ಎರಡೂವರೆ ಬಿಗಿಯಾಗುತ್ತದೆ, 2.60 ಕೇಳಿ. ಹೂವು ಒಂದೇ ದಿಕ್ಕಿಗೆ ಮುಖ ಮಾಡಿದ್ದರೆ, ಚೌಕಳಿ ಕೂಡಿಸಬೇಕಿದ್ದರೆ, ಒಂದು ಹೂವಿನ ಅಥವಾ ಒಂದು ಚೌಕದ ಉದ್ದ ಇನ್ನಷ್ಟು.

ಬಟ್ಟೆ ಅಳೆಯುವ ಮೊದಲು ರೋಲಿನ ತುದಿಯನ್ನು ನೋಡಿ. ಹರಿದು ಕೊಡುವ ಅಂಗಡಿಯಾದರೆ ನಿಮ್ಮ ಅದೃಷ್ಟ: ಹತ್ತಿ ಹರಿಯುವುದು ಹೊಕ್ಕಿನ ಗುಂಟವೇ. ಹರಿದ ತುದಿಯ ಎರಡು ಗಟ್ಟಿ ಅಂಚುಗಳನ್ನು ಒಂದರ ಮೇಲೊಂದಿಟ್ಟು ಹಿಡಿದರೆ ಓರೆ ಎಷ್ಟಿದೆ ಎಂದು ಮೇಜಿನ ಮೇಲೇ ಕಾಣುತ್ತದೆ. ಕತ್ತರಿ ಹಾಕಿದ ತುದಿ ಏನೂ ಹೇಳುವುದಿಲ್ಲ, ಅಲ್ಲಿ ಒಂದು ಹೊಕ್ಕಿನ ಎಳೆಯನ್ನು ಕಣ್ಣಿನಲ್ಲೇ ಹಿಂಬಾಲಿಸಬೇಕು. 110ಕ್ಕೆ ಒಂದು ಸೆಂ.ಮೀ. ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಮೂರಾದರೆ, ಬಟ್ಟೆ ತುಂಬ ಹಿಡಿಸಿದ್ದರೆ ಮಾತ್ರ ಕೊಳ್ಳುತ್ತೇನೆ, ಮನೆಯಲ್ಲಿ ಕೆಲಸ ಇದೆ ಎಂದು ತಿಳಿದುಕೊಂಡೇ.

ಒಂದನ್ನು ಮಾತ್ರ ಬಿಟ್ಟೇ ಬಿಡಿ. ಹೂವಿನ ಸಾಲು ಒಂದು ದಿಕ್ಕಿಗೆ, ಹೊಕ್ಕು ಇನ್ನೊಂದು ದಿಕ್ಕಿಗೆ ಇದ್ದರೆ ಪ್ರಿಂಟೇ ಓರೆ ಬಿದ್ದಿದೆ. ಎಳೆ ಸರಿಮಾಡಿದರೆ ಹೂವು ವಾಲುತ್ತದೆ, ಹೂವು ಸರಿ ಇಟ್ಟು ಕತ್ತರಿಸಿದರೆ ಉಡುಪು ತಿರುಚುತ್ತದೆ. ಇದಕ್ಕೆ ಮದ್ದಿಲ್ಲ.

ಬೆರಳುಗಳ ನಡುವೆ ಬಟ್ಟೆಯನ್ನು ಜೋರಾಗಿ ಉಜ್ಜಿ ನೋಡುವುದೂ ಒಳ್ಳೆಯದು. ಬಿಳಿ ಪುಡಿ ಉದುರಿದರೆ ಗಂಜಿ ಹೆಚ್ಚು. ಈಗ ಗಟ್ಟಿಯಾಗಿ ಕಾಣುವ ಬಟ್ಟೆ ಒಗೆದ ಮೇಲೆ ಜಾಳು ಜಾಳಾಗಿ, ಹೆಚ್ಚು ಕುಗ್ಗುವ ಸಂಭವವಿದೆ.

ಹೊಲಿಯಲು ಕೊಡುವ ಮೊದಲು

ತುದಿಗಳು ಬಿಚ್ಚಿಕೊಳ್ಳದಂತೆ ದೊಡ್ಡ ಹೊಲಿಗೆ ಓಡಿಸಿ. ಮಡಿಕೆ ಬಿಚ್ಚಿ, ಮುಂದೆ ಆ ಉಡುಪನ್ನು ಯಾವ ನೀರಿನಲ್ಲಿ, ಹೇಗೆ ಒಗೆಯುತ್ತೀರೋ ಹಾಗೇ ಈಗಲೂ ಒಗೆಯಿರಿ. ಮುಂದೆ ಮಷಿನ್ನಿಗೆ ಹಾಕುವವರು ಈಗ ಬರೀ ತಣ್ಣೀರಿನಲ್ಲಿ ಅದ್ದಿ ತೆಗೆದರೆ ಕುಗ್ಗುವುದು ಅರ್ಧಕ್ಕೇ ನಿಲ್ಲುತ್ತದೆ. ಅದ್ದುವುದಾದರೂ ಒಂದು ಗಂಟೆಯಾದರೂ ಇರಲಿ, ನೂಲು ಉಬ್ಬಲು ಹೊತ್ತು ಬೇಕು. ಹಿಂಡಬೇಡಿ, ತಿರುಚಿ ಹಿಂಡಿದರೆ ಎಳೆಗಳು ಇನ್ನೊಂದು ಓರೆಗೆ ಕೂರುತ್ತವೆ. ಲೈನಿಂಗ್ ಬಟ್ಟೆಯನ್ನೂ ಜೊತೆಗೇ ನೆನೆಸಿ. ಮೇಲಿನದು ಕುಗ್ಗಿದ್ದು ಒಳಗಿನದು ಕುಗ್ಗದಿದ್ದರೆ ಲೈನಿಂಗ್ ಕೆಳಗೆ ಇಣುಕುತ್ತದೆ, ಒಳಗಿನದು ಕುಗ್ಗಿದರೆ ಮೇಲಿನದು ಚೀಲದಂತೆ ಉಬ್ಬುತ್ತದೆ. ಎರಡನ್ನೂ ಕಂಡಿದ್ದೇನೆ.

ಎಳೆ ಸರಿಮಾಡಬೇಕಾದದ್ದು ಬಟ್ಟೆ ಇನ್ನೂ ತೇವವಿದ್ದಾಗ. ತುದಿಯಲ್ಲಿ ಒಂದು ಹೊಕ್ಕಿನ ಎಳೆಯನ್ನು ಮೆಲ್ಲಗೆ ಎಳೆದು ತೆಗೆಯಿರಿ. ಅದು ಬಿಟ್ಟ ಗೆರೆಯ ಗುಂಟ ಕತ್ತರಿಸಿ. ಇನ್ನೊಂದು ತುದಿಗೂ ಹಾಗೇ. ಈಗ ಉದ್ದಕ್ಕೆ ಮಡಚಿ ಎರಡು ಗಟ್ಟಿ ಅಂಚು ಕೂಡಿಸಿದರೆ ಮೂಲೆಗಳು ಕೂಡುತ್ತವೆಯೇ ನೋಡಿ. ಕೂಡದಿದ್ದರೆ ಬಟ್ಟೆ ಓರೆ ಚೌಕವಾಗಿದೆ, ಅದರ ಎರಡು ಕರ್ಣಗಳಲ್ಲಿ ಒಂದು ಗಿಡ್ಡ. ಇಬ್ಬರು ಎದುರುಬದುರು ನಿಂತು ಆ ಗಿಡ್ಡ ಕರ್ಣದ ಮೂಲೆಗಳನ್ನು ಹಿಡಿದು ಜಗ್ಗಬೇಕು. ಮೂಲೆಯಿಂದ ಶುರು ಮಾಡಿ ಗೇಣು ಗೇಣು ಸರಿಯುತ್ತ, ಅದೇ ಓರೆಯಲ್ಲಿ ಕೊನೆಯವರೆಗೆ. ಒಂದೇ ಏಟಿಗೆ ಜಗ್ಗಿದರೆ ಮೂಲೆ ಮಾತ್ರ ಜೋತು ಬೀಳುತ್ತದೆ. 110ಕ್ಕೆ 3 ಸೆಂ.ಮೀ. ಓರೆ ಸಾದಾ ಹತ್ತಿಯಲ್ಲಿ ಹೀಗೆ ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ಇಸ್ತ್ರಿಯನ್ನು ಹಾಸಿನ ಗುಂಟ ಓಡಿಸಿ, ಓರೆಯಾಗಿ ತಳ್ಳಿದರೆ ಮಾಡಿದ್ದೆಲ್ಲ ಹಾಳು.

ಪಾಲಿಯೆಸ್ಟರ್ ಮತ್ತು ಸುಕ್ಕಾಗದಂತೆ ರಾಸಾಯನಿಕ ಲೇಪನ ಕೊಟ್ಟ ಹತ್ತಿ ಇದಕ್ಕೆ ಜಗ್ಗುವುದಿಲ್ಲ. ಅವುಗಳ ಎಳೆ ಕಾವಿಗೋ ಲೇಪನಕ್ಕೋ ಅಂಟಿ ಕೂತಿರುತ್ತದೆ. ಸಮಾಧಾನವೆಂದರೆ ಒಗೆತದಲ್ಲೂ ಅವು ಅಷ್ಟಾಗಿ ಕದಲುವುದಿಲ್ಲ, ಗಟ್ಟಿ ಅಂಚಿನ ನೇರಕ್ಕೆ ಕತ್ತರಿಸಿ ಸುಮ್ಮನಿರಬಹುದು. ಜೀನ್ಸ್ ಬಟ್ಟೆಯಂಥ ಓರೆಗೆರೆಯ ಟ್ವಿಲ್ ನೇಯ್ಗೆಯನ್ನೂ ಜಗ್ಗಲು ಹೋಗಬೇಡಿ. ಅದು ಸ್ವಭಾವತಃ ಒಂದು ಕಡೆಗೆ ತಿರುಚುವಂಥದ್ದು, ಕಾರ್ಖಾನೆಯವರು ಬೇಕೆಂದೇ ಹೊಕ್ಕನ್ನು ಮೊದಲೇ ಓರೆ ಮಾಡಿ ಕಳಿಸಿರುತ್ತಾರೆ. ನೀವು "ಸರಿಮಾಡಿದರೆ" ಕಾಲು ತಿರುಗುತ್ತದೆ. ವಿಸ್ಕೋಸ್ ಒದ್ದೆಯಾದಾಗ ದುರ್ಬಲ, ಹಗ್ಗದ ಮೇಲೆ ನೇತುಹಾಕಿದರೆ ಉದ್ದವಾಗಿ ಮೋಸ ಮಾಡುತ್ತದೆ. ಮಟ್ಟವಾಗಿ ಹರಡಿ ಒಣಗಿಸಿ.

ಒಣಗಿ ಇಸ್ತ್ರಿಯಾದ ಮೇಲೆ ಎರಡೂ ಅಂಚಿನ ಗುಂಟ ಅಳೆದು, ಆ ಅಂಕಿಯನ್ನೇ ಟೈಲರಿಗೆ ಹೇಳಿ. "ಎರಡೂವರೆ ಮೀಟರ್ ಇದೆ" ಅಂದರೆ ಅವರು ಎರಡೂವರೆಯನ್ನೇ ನಂಬುತ್ತಾರೆ.

ಹೊಲಿದಾಗಿದೆ, ಈಗೇನು?

ತಿರುಚಿದ್ದನ್ನು ಪೂರ್ತಿ ಸರಿಮಾಡಲು ಆಗದು. ಪಕ್ಕ ಬಿಚ್ಚಿ ಮತ್ತೆ ಕತ್ತರಿಸಿದರೆ ಅಗಲ ಹೋಗುತ್ತದೆ. ಪ್ರತಿ ಸಲ ತೇವವಿರುವಾಗ ಓರೆಗೆ ಜಗ್ಗಿ ಇಸ್ತ್ರಿ ಮಾಡಿದರೆ ಆ ದಿನದ ಮಟ್ಟಿಗೆ ನಿಲ್ಲುತ್ತದೆ. ಕೆಳಗಿನ ಮೂಲೆಗಳ ಹೆಚ್ಚು ಕಮ್ಮಿಯನ್ನು ಮಾತ್ರ ಮಡಿಕೆಯಲ್ಲಿ ಸಮ ಮಾಡಬಹುದು.

ಉದ್ದಕ್ಕೆ ದಾರಿ ಇತ್ತು. ಅವಸರ ಮಾಡದೆ ಎರಡನೆಯ ಒಗೆತ ಕಾದೆ, ಇನ್ನು ಅರ್ಧ ಸೆಂ.ಮೀ. ಹೋಯಿತು, ಮೂರನೆಯದಕ್ಕೆ ನಿಂತಿತು. ಆಮೇಲೆ ಕೆಳಗಿನ ಮಡಿಕೆ ಬಿಚ್ಚಿಸಿ, ಉಳಿಕೆ ತುಂಡಿನಿಂದ ಒಳಪಟ್ಟಿ ಕೊಡಿಸಿದೆ. ಪಟ್ಟಿಯ ಬಟ್ಟೆಯನ್ನು ಮೊದಲೇ ಎರಡು ಸಲ ಒಗೆದಿದ್ದೆ, ಇಲ್ಲದಿದ್ದರೆ ಅದು ಆಮೇಲೆ ಕುಗ್ಗಿ ಕೆಳಗಂಚನ್ನು ಸುಕ್ಕು ಹಿಡಿಸುತ್ತಿತ್ತು. ಮೂಲೆಗಳನ್ನು ಸಮ ಮಾಡಿಕೊಂಡು ಹೊಲಿದ ಮೇಲೆ ಎರಡು ಸೆಂ.ಮೀ. ಚಿಲ್ಲರೆ ವಾಪಸ್ಸು ಬಂತು, 99ರ ಮೇಲೆ ಸ್ವಲ್ಪ. ಹಳೆಯ ಮಡಿಕೆಯ ಗೆರೆ ಮಸುಕಾಗಿ ಇನ್ನೂ ಕಾಣುತ್ತದೆ, ಇಸ್ತ್ರಿಗೂ ಹೋಗಲಿಲ್ಲ.